ನನ್ನ ಹೆಸರಿನಲ್ಲಿ ಕೂಡಿದ ಎರಡು ಡೆಸ್ಕ್‌ಟಾಪು

ಬೈಲಹೊಂಗಲದ ಪೇಟೆಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ ಇದೆ. ಫಲಕದ ಮೇಲೆ ‘ಮಾರಾಟ’ ಅಂತ ದೊಡ್ಡದಾಗಿ ಬರೆಸಿದ್ದೇನೆ, ನಡೆಯುವುದೆಲ್ಲ ರಿಪೇರಿ. ಕಿತ್ತೂರಿನಿಂದ, ಸವದತ್ತಿಯಿಂದ, ದೂರದ ರಾಮದುರ್ಗದಿಂದಲೂ ಜನ ಕೆಟ್ಟ ಲ್ಯಾಪ್‌ಟಾಪನ್ನು ಕೈಚೀಲದಲ್ಲಿ ಹಾಕಿಕೊಂಡು ಬರುತ್ತಾರೆ. ಸಂತೆಯ ದಿನವಾದರೆ ಕಾಯಿಪಲ್ಲೆಯೂ ಅದೇ ಚೀಲದಲ್ಲಿ. ಕೀಬೋರ್ಡಿನ ಸಂದಿಯಿಂದ ಮೆಂತ್ಯದ ಎಲೆ ಹೆಕ್ಕಿ ತೆಗೆದವನು ನಾನು. ಸ್ವಲ್ಪ ಸಿಡುಕಿನ ಮನುಷ್ಯ. ಗಿರಾಕಿಗಳಿಗೆ ಬೈಯುತ್ತೇನೆ, ಅವರು ನಗುತ್ತಾರೆ, ಮತ್ತೆ ನನ್ನ ಹತ್ತಿರವೇ ಬರುತ್ತಾರೆ. ಬೈಯುವವನಿಗೆ ಎಲ್ಲಾ ತಿಳಿದಿರುತ್ತದೆ ಎಂದು ನಮ್ಮ ಕಡೆ ಒಂದು ನಂಬಿಕೆ. ನಾನೂ ಅದನ್ನು ನಂಬಿದ್ದೆ.

ಈ ಕೆಲಸದಲ್ಲಿ ಕಲಿಯುವ ಮೊದಲ ಪಾಠ ಎಂದರೆ ಸಿ ಮತ್ತು ಡಿ. ಕಂಪ್ಯೂಟರಿನ ಡಿಸ್ಕನ್ನು ಎರಡು ಭಾಗ ಮಾಡಿರುತ್ತೇವೆ. ಸಿ ಭಾಗದಲ್ಲಿ ವಿಂಡೋಸ್ ಇರುತ್ತದೆ, ವಿಂಡೋಸ್ ಕೆಟ್ಟರೆ ಅದನ್ನು ಅಳಿಸಿ ಹೊಸದು ಹಾಕುತ್ತೇವೆ. ಡಿ ಭಾಗವನ್ನು ಮುಟ್ಟುವುದಿಲ್ಲ. ಆದರೆ ಜನ ತಮ್ಮ ಜೀವಮಾನದ ಕಾಗದಪತ್ರವನ್ನೆಲ್ಲ ಇಡುವುದು ಡೆಸ್ಕ್‌ಟಾಪಿನ ಮೇಲೆ, ಅಂದರೆ ತೆರೆದೊಡನೆ ಕಾಣುವ ಪರದೆಯ ಮೇಲೆ, ಇಲ್ಲವೇ ಡಾಕ್ಯುಮೆಂಟ್ಸ್ ಒಳಗೆ. ಇವೆರಡೂ ಇರುವುದು ಸಿ ಒಳಗೇ. ‘ಎದುರಿಗೇ ಕಾಣತೈತಲ್ರೀ, ಅದು ಹೆಂಗ ಹೋಗತೈತಿ?’ ಎಂದು ಕೇಳುತ್ತಾರೆ. ಹೋದ ಮೇಲೆ ಅಳುತ್ತಾರೆ.

ಅದಕ್ಕೇ ನಾನು ಯಾವ ಕಂಪ್ಯೂಟರ್ ಕೊಟ್ಟರೂ ಆ ಎರಡು ಫೋಲ್ಡರುಗಳ ಜಾಗವನ್ನು ಡಿ ಕಡೆಗೆ ತಿರುಗಿಸಿಯೇ ಕೊಡುತ್ತಿದ್ದೆ. ದೊಡ್ಡ ವಿದ್ಯೆಯೇನಲ್ಲ. ಫೋಲ್ಡರಿನ ಪ್ರಾಪರ್ಟೀಸ್ ತೆಗೆದರೆ ಅಲ್ಲಿ ಲೊಕೇಶನ್ ಎಂಬ ಹಾಳೆ ಇರುತ್ತದೆ. ಮೂವ್ ಒತ್ತಿ, ಡಿಯಲ್ಲಿ ಮೊದಲೇ ಮಾಡಿಟ್ಟ ಹೊಸ ಫೋಲ್ಡರನ್ನು ತೋರಿಸಿದರೆ, ‘ಹಳೆಯ ಫೈಲುಗಳನ್ನೂ ಅಲ್ಲಿಗೆ ಸಾಗಿಸಲೇ?’ ಎಂದು ಕೇಳುತ್ತದೆ. ಹೌದು ಎಂದರೆ ಮುಗಿಯಿತು. ಗಿರಾಕಿಯ ಕಣ್ಣಿಗೆ ಡೆಸ್ಕ್‌ಟಾಪು ಇದ್ದಲ್ಲೇ ಇರುತ್ತದೆ, ಒಳಗಿನ ಸಾಮಾನು ಮಾತ್ರ ಬೇರೆ ಕೋಣೆಗೆ ಹೋಗಿರುತ್ತದೆ. ಶುರುವಿನಲ್ಲಿ ಒಮ್ಮೆ ಫೋಲ್ಡರ್ ಮಾಡುವುದನ್ನು ಮರೆತು ಇಡೀ ಡಿಯನ್ನೇ ತೋರಿಸಿಬಿಟ್ಟೆ. ಡಿ ಪೂರ್ತಿ ಡಾಕ್ಯುಮೆಂಟ್ಸ್ ಆಗಿ ಕುಳಿತು, ಅದನ್ನು ಬಿಡಿಸಲು ಒಂದು ದಿನ ಹಿಡಿಯಿತು. ಆ ತಪ್ಪನ್ನು ನಗುತ್ತಾ ಹೇಳಬಲ್ಲೆ, ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ಕಾಲ ಬದಲಾಯಿತು. ಹೊಸ ವಿಂಡೋಸು ಶುರುವಿನಲ್ಲೇ ಇಂಟರ್ನೆಟ್ ಕೇಳುತ್ತದೆ, ಮೇಲ್ ಐಡಿ ಕೇಳುತ್ತದೆ, ಆ ಹೆಸರಿನ ಖಾತೆಯಿಲ್ಲದೆ ಮುಂದೆ ಹೋಗಗೊಡುವುದಿಲ್ಲ. ನಮ್ಮ ಗಿರಾಕಿಗಳಿಗೆ ಮೇಲ್ ಐಡಿ ಎಲ್ಲಿಂದ ಬರಬೇಕು? ಇದ್ದವರಿಗೆ ಪಾಸ್‌ವರ್ಡ್ ನೆನಪಿಲ್ಲ. ಹೊಸದು ಮಾಡೋಣವೆಂದರೆ ಫೋನಿಗೆ ಬಂದ ನಂಬರನ್ನು ಹೇಳಲು ಹೆದರುತ್ತಾರೆ, ಬ್ಯಾಂಕಿನ ಹಣ ಹೋಗುತ್ತದೆ ಎಂದು. ಹೀಗಾಗಿ ನಾನೊಂದು ಸುಲಭದ ದಾರಿ ಹಿಡಿದೆ. ಅಂಗಡಿಯ ಹೆಸರಿನಲ್ಲಿ ಒಂದೇ ಖಾತೆ ತೆರೆದೆ. ಗಿರಾಕಿಗೆ ಐಡಿ ಇಲ್ಲದಿದ್ದರೆ ಅದನ್ನೇ ಹಾಕುತ್ತಿದ್ದೆ. ‘ನಮ್ದ ಐಡಿ ಹಾಕೇನ್ರಿ, ನಿಮಗ ತ್ರಾಸಿಲ್ಲ’ ಎನ್ನುತ್ತಿದ್ದೆ. ಅವರು ಉಪಕಾರ ಆಯಿತು ಎನ್ನುತ್ತಿದ್ದರು. ಬಹಳಷ್ಟು ಅಂಗಡಿಗಳಲ್ಲಿ ಹೀಗೇ ನಡೆಯುತ್ತದೆ, ಆದರೆ ಅದು ನನ್ನ ತಪ್ಪನ್ನು ಒಂದು ಗುಂಜಿಯಷ್ಟೂ ಕಡಿಮೆ ಮಾಡುವುದಿಲ್ಲ.

ಸವದತ್ತಿಯಲ್ಲಿ ನನ್ನದೊಬ್ಬ ಗಿರಾಕಿ ಇದ್ದ. ಬೀಜ ಗೊಬ್ಬರದ ದೊಡ್ಡ ಅಂಗಡಿ. ನಾನು ಅವನನ್ನು ಸಾವಕಾರ್ರ ಎನ್ನುತ್ತಿದ್ದೆ, ಅವನು ನನ್ನನ್ನು ಚೇಷ್ಟೆಗೆ ಎಂಜಿನಿಯರ್ರ ಎನ್ನುತ್ತಿದ್ದ. ನಗುಮುಖ, ಮೃದು ಮಾತು, ಚಹಾ ಕುಡಿಸದೆ ಕಳಿಸಿದವನಲ್ಲ. ಆ ಊರಿನ ಅರ್ಧ ಗಿರಾಕಿಗಳನ್ನು ನನಗೆ ಕೊಟ್ಟವನು ಅವನೇ. ಅವನ ಹಳೆಯ ಕಂಪ್ಯೂಟರಿನ ಡಿಸ್ಕು ಸುಟ್ಟು, ಯಾವ ರೈತ ಯಾವ ಬೀಜ ಕೇಳಿದ್ದ ಎಂಬ ಪಟ್ಟಿಯೆಲ್ಲ ಹೋಗಿತ್ತು. ಡಿಸ್ಕೇ ಸುಟ್ಟ ಮೇಲೆ ಸಿ ಏನು, ಡಿ ಏನು. ‘ಇನ್ನೊಮ್ಮಿ ಹಿಂಗ ಆಗಬಾರದ ನೋಡ್ರಿ’ ಎಂದ. ಹೊಸ ಕಂಪ್ಯೂಟರಿನಲ್ಲಿ ಅವನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡನ್ನೂ ಕ್ಲೌಡಿಗೆ, ಅಂದರೆ ಇಂಟರ್ನೆಟ್ಟಿನಲ್ಲಿ ಖಾತೆಯ ಹೆಸರಿನಲ್ಲಿರುವ ಒನ್‌ಡ್ರೈವ್ ಎಂಬ ಉಗ್ರಾಣಕ್ಕೆ ತಿರುಗಿಸಿದೆ. ಖಾತೆ ನಮ್ಮ ಅಂಗಡಿಯದೇ, ಅದರಲ್ಲಿ ಫೈಲು ಮೇಲೆ ಹೋಗುತ್ತಿದ್ದದ್ದು ಅವನೊಬ್ಬನದೇ. ಫೈಲುಗಳ ಪಕ್ಕದಲ್ಲಿ ಒಂದೊಂದೇ ಹಸಿರು ಟಿಕ್ ಬರುವುದನ್ನು ತೋರಿಸಿ, ‘ಇನ್ನ ನಿಮ್ಮ ಅಂಗಡಿಗೆ ಬೆಂಕಿ ಬಿದ್ರೂ ಇವು ಉಳಿತಾವ’ ಎಂದೆ. ಬಾಯಿಗೆ ಬಂದದ್ದು ಅಂದೆ, ಅವನು ನಕ್ಕ.

ಎರಡು ವರ್ಷದ ನಂತರ ಅವನೇ ತನ್ನ ಅತ್ತಿಗೆಯನ್ನು ನನ್ನ ಅಂಗಡಿಗೆ ಕಳಿಸಿದ. ಮುರಗೋಡದ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವರು. ನಮ್ಮಲ್ಲಿ ಶಾಲೆಯ ಮೇಡಮ್ಮನವರಿಗೆ ಅಕ್ಕೋರು ಎನ್ನುತ್ತೇವೆ, ನಾನೂ ಹಾಗೇ ಕರೆಯುತ್ತಿದ್ದೆ. ಗಂಡ, ಅತ್ತೆ, ಈ ಮೈದುನ, ಎಲ್ಲರೂ ಹಳ್ಳಿಯ ಒಂದೇ ಮನೆಯಲ್ಲಿ. ಕಡಿಮೆ ಮಾತಿನವರು. ಕೇಳಿದ ಪ್ರಶ್ನೆಯನ್ನು ಎರಡನೆಯ ಸಲ ಕೇಳುತ್ತಿರಲಿಲ್ಲ. ಪ್ರಶ್ನೆಪತ್ರಿಕೆ ಟೈಪು ಮಾಡಲು ಒಂದು ಲ್ಯಾಪ್‌ಟಾಪು ಬೇಕಿತ್ತು. ಆ ವಾರ ನನಗೆ ಕೈತುಂಬ ಕೆಲಸ. ಅಂಗಡಿಯ ಖಾತೆ ಹಾಕಿ, ‘ಫೈಲುಗಳು ಈ ಕಂಪ್ಯೂಟರಿನಲ್ಲೇ ಇರಲಿ’ ಎಂಬುದನ್ನು ಒತ್ತಿ, ಹಾಗೇ ಕೊಟ್ಟುಬಿಟ್ಟೆ. ಡಿಸ್ಕು ಭಾಗ ಮಾಡಲಿಲ್ಲ, ಫೋಲ್ಡರಿನ ಜಾಗ ತಿರುಗಿಸಲಿಲ್ಲ.

ಈಗ ಆ ದಿನಕ್ಕೆ ಬರುತ್ತೇನೆ. ಬಿತ್ತನೆಯ ಸಮಯ. ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕೋರ ಫೋನು ಬಂತು.

‘ಅಣ್ಣಾರ, ಲ್ಯಾಪ್‌ಟಾಪ್‌ನ್ಯಾಗ ದಿನಾ ಒಂದು ಬರಾಕ ಹತ್ತೇತ್ರಿ. ನಿಮ್ಮ ಫೈಲಿಗೆ ಬ್ಯಾಕಪ್ ಇಲ್ಲ, ಹೋದ್ರ ಸಿಗಂಗಿಲ್ಲ ಅಂತೈತಿ. ಶುರು ಮಾಡು ಅಂತ ಒಂದು ಬಟನ್ ಐತಿ. ಒತ್ತಲೇನ್ರಿ?’

ನನ್ನ ಒಂದು ಕೈಯಲ್ಲಿ ಯಾರದೋ ಚಾರ್ಜರು, ಇನ್ನೊಂದರಲ್ಲಿ ಸೋಲ್ಡರಿಂಗ್ ಕಡ್ಡಿ. ಫೋನು ಹೆಗಲಿಗೂ ಕಿವಿಗೂ ನಡುವೆ.

‘ಒತ್ರಿ ಅಕ್ಕೋರ. ಚಲೋನ ಅದ. ಮ್ಯಾಲೊಂದು ಕಾಪಿ ಇರತೈತಿ.’

‘ಹೋಗಂಗಿಲ್ಲ ಹೌದಲ್ಲರಿ? ಒಂದು ಫೋಲ್ಡರ್ ಭಾಳ ಬೇಕಾಗಿದ್ದೈತಿ.’

‘ನಾ ಇದ್ದೇನಲ್ರೀ, ಹೆದರಬ್ಯಾಡ್ರಿ’ ಎಂದೆ.

ಅವರು ಒತ್ತಿದರು. ತಮ್ಮ ಫೋನಿನ ಇಂಟರ್ನೆಟ್ಟಿನಲ್ಲೇ ಅಷ್ಟನ್ನೂ ಮೇಲೆ ಕಳಿಸಿದರು. ಗಂಟೆ ಬಾರಿಸಿದ್ದರಿಂದ ಲ್ಯಾಪ್‌ಟಾಪು ಮುಚ್ಚಿ ತರಗತಿಗೆ ಹೋದರು. ನಾನು ಚಾರ್ಜರಿನ ಕೆಲಸ ಮುಂದುವರಿಸಿದೆ. ಸವದತ್ತಿಯ ಅಂಗಡಿಯಲ್ಲಿ ಅದೇ ಖಾತೆಯ ಮೇಲೆ ಇನ್ನೊಂದು ಡೆಸ್ಕ್‌ಟಾಪು ಎರಡು ವರ್ಷದಿಂದ ಬಾಯಿ ತೆರೆದು ಕುಳಿತಿದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಖಾತೆ ಒಂದೇ ಆದರೆ ಕ್ಲೌಡಿನಲ್ಲಿ ಡೆಸ್ಕ್‌ಟಾಪು ಕೂಡ ಒಂದೇ. ಇಬ್ಬರ ಬಟ್ಟೆಗಳೂ ಒಂದೇ ಟ್ರಂಕಿಗೆ ಬೀಳುತ್ತವೆ, ಎರಡೂ ಮನೆಯಲ್ಲಿ ಆ ಟ್ರಂಕು ತೆರೆದುಕೊಳ್ಳುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಯಾರಾದರೂ ಕೇಳಿದ್ದರೆ ಸರಿಯಾಗಿ ವಿವರಿಸುತ್ತಿದ್ದೆ. ಯಾರೂ ಕೇಳಲಿಲ್ಲ, ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ.

ಎರಡು ತಾಸಿನ ನಂತರ ಸಾವಕಾರನ ಫೋನು.

‘ಎಂಜಿನಿಯರ್ರ, ನಮ್ಮ ಕಂಪ್ಯೂಟರ್‌ನ್ಯಾಗ ಯಾರದೋ ಸಾಲಿ ಸಾಮಾನು ಬಂದು ಬಿದ್ದಾವಲ್ರಿ. ಪ್ರಶ್ನೆಪತ್ರಿಕಿ, ಹಾಜರಿ, ಎಂಥೆಂಥವೋ. ಸ್ವಲ್ಪ ಬಂದು ನೋಡ್ತೀರೇನು?’

ಆಗ ಎಲ್ಲವೂ ಒಮ್ಮೆಲೇ ಹೊಳೆಯಿತು. ಅಂಗಡಿ ಮುಚ್ಚಿ ಸವದತ್ತಿಯ ಬಸ್ಸು ಹತ್ತಿದೆ. ಹುಣ್ಣಿಮೆ ಹತ್ತಿರವಿತ್ತು, ದೇವಿಯ ಗುಡ್ಡಕ್ಕೆ ಹೋಗುವ ಜನ ಬಸ್ಸಿನ ತುಂಬ. ನಿಂತುಕೊಂಡೇ ಹೋದೆ. ಪ್ರಶ್ನೆಪತ್ರಿಕೆ ಹೊರಬಿದ್ದರೆ ಅಕ್ಕೋರಿಗೆ ಶಾಲೆಯಲ್ಲಿ ತೊಂದರೆಯಾದೀತು ಎಂಬುದೊಂದೇ ನನಗಿದ್ದ ಚಿಂತೆ. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು.

ಅಂಗಡಿಯಲ್ಲಿ ಬೀಜಕ್ಕೆ ಬಂದ ಜನ ಗಿಜಿಗುಡುತ್ತಿದ್ದರು. ಸಾವಕಾರ ಕೈಮಾಡಿ ಒಳಗಿನ ಟೇಬಲ್ ತೋರಿಸಿದ. ‘ಕುಂತ್ಕೊಳ್ರಿ, ಚಾ ಬರತೈತಿ’ ಎಂದು ಹಣದ ಗಲ್ಲೆಯ ಕಡೆ ತಿರುಗಿ ಕುಳಿತ. ಕಂಪ್ಯೂಟರಿನಲ್ಲಿ ಅವನ ಗೊಬ್ಬರದ ದಾಸ್ತಾನಿನ ಪಟ್ಟಿಗಳ ನಡುವೆ ಹತ್ತನೇ ತರಗತಿಯ ಕಿರುಪರೀಕ್ಷೆ, ಪಾಠಯೋಜನೆ. ಇಬ್ಬರದೂ ಒಂದೇ ಹೆಸರಿನ ಶಾರ್ಟ್‌ಕಟ್ ಇದ್ದಲ್ಲಿ ಒಂದರ ಪಕ್ಕ ‘ಕಾಪಿ’ ಅಂತ ಸೇರಿಕೊಂಡಿತ್ತು. ಮೂಲೆಯಲ್ಲಿ ‘ಒಂಬತ್ತನೇ ತರಗತಿ ಪ್ರಯೋಗ’ ಎಂಬ ಫೋಲ್ಡರು. ಅದನ್ನು ತೆರೆದೆ. ರಿಪೇರಿಯವನು ತೆರೆಯುತ್ತಾನೆ, ಅಷ್ಟೇ.

ಒಳಗೆ ಹದಿನೈದಿಪ್ಪತ್ತು ಫೋಟೋ, ಒಂದು ಉದ್ದನೆಯ ಬರಹ. ಮೊದಲ ಫೋಟೋ ನೋಡಿ ನನಗೆ ಅರ್ಥವಾಗಲಿಲ್ಲ, ಎರಡನೆಯದು ನೋಡಿ ಅರ್ಥವಾಯಿತು. ಬರಹ ತೆರೆದೆ. ಅಕ್ಕೋರು ಅದನ್ನು ನಿಜಕ್ಕೂ ಪ್ರಯೋಗದ ವಹಿಯ ಹಾಗೆಯೇ ಬರೆದಿದ್ದರು. ದಿನ, ವೇಳೆ, ಯಾವುದರಿಂದ ಹೊಡೆದದ್ದು, ಎಲ್ಲಿ ಪೆಟ್ಟು ಬಿದ್ದದ್ದು, ಆ ಹೊತ್ತು ಮನೆಯಲ್ಲಿ ಇದ್ದವರು. ಅಳು ಇಲ್ಲ, ಬೈಗುಳ ಇಲ್ಲ. ಒಂದು ಕಡೆ ಹೀಗಿತ್ತು: ‘ಕಾರಣ: ಪಗಾರದ ಬ್ಯಾಂಕ್ ಕಾರ್ಡ್ ಕೇಳಿದರು, ಕೊಡಲಿಲ್ಲ. ಮನೆಯಲ್ಲಿದ್ದವರು: ಅತ್ತೆ, ಮೈದುನ. ಮೈದುನ ಟಿವಿಯ ಸದ್ದು ಹೆಚ್ಚು ಮಾಡಿದರು.’

ನಾನು ತಲೆಯೆತ್ತಿ ನೋಡಿದೆ. ಮೈದುನ ನನ್ನಿಂದ ಆರು ಹೆಜ್ಜೆ ಆಚೆ ಕುಳಿತು ಒಬ್ಬ ಮುದುಕನಿಗೆ ಸೋಯಾಬೀನು ಬಿತ್ತುವ ಆಳ ಎಷ್ಟಿರಬೇಕೆಂದು ತಾಳ್ಮೆಯಿಂದ ಹೇಳುತ್ತಿದ್ದ. ಇವನು ಇದನ್ನು ಇನ್ನೂ ನೋಡಿಲ್ಲ, ನೋಡಿದರೆ ಆಕೆಯ ಗತಿ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವನು ಕುಳಿತಲ್ಲಿಂದಲೇ ಕೇಳಿದ.

‘ಎಂಜಿನಿಯರ್ರ, ಇಲ್ಲಿ ಅಳಿಸಿದ್ರ ಅವರ ಮಷೀನಿನ್ಯಾಗೂ ಹೋಗತೈತೇನ್ರಿ?’

‘ಹೌದ್ರಿ ಸಾವಕಾರ್ರ. ಎಲ್ಲಾ ಕಡೆ ಹೋಗತೈತಿ.’

‘ಮತ್ತ ಎಲ್ಲೂ ಉಳಿಯಂಗಿಲ್ಲ?’

‘ಮ್ಯಾಲೆ ಕ್ಲೌಡಿನ ಕಸದ ಬುಟ್ಟಿಯೊಳಗ ಒಂದು ತಿಂಗಳ ಇರತೈತಿ. ಅದನ್ನೂ ಖಾಲಿ ಮಾಡಿದ್ರ ಮುಗೀತು.’

‘ಹಂಗಾರ ಸ್ವಚ್ಛ ಮಾಡಿಬಿಡ್ರಿ. ಮಂದಿ ಸಾಮಾನು ನಮಗ್ಯಾಕ.’

ಈ ಮಾತನ್ನು ನಾನು ಎಷ್ಟು ಸಲ ತಿರುಗಿ ತಿರುಗಿ ನೆನೆದಿದ್ದೇನೋ. ಅವತ್ತು ನನಗೆ ಕೇಳಿಸಿದ್ದು ಏನೂ ಅರಿಯದ ಒಬ್ಬ ವ್ಯಾಪಾರಿಯ ಮಾತು. ಕಲಿತದ್ದನ್ನು ಹೇಳುವ ಹುಮ್ಮಸ್ಸಿನಲ್ಲಿ ನಾನೇ ಎಲ್ಲ ದಾರಿ ತೋರಿಸಿದೆ. ಯಾರ ಸಾಮಾನು ಎಂದು ಅವನು ಕೇಳಲಿಲ್ಲ. ಅದೊಂದನ್ನು ಕೇಳಲಿಲ್ಲ ಎಂಬುದು ನನ್ನ ಗಮನಕ್ಕೆ ಬರಬೇಕಿತ್ತು.

ಮಾಡಬೇಕಾದ ಸರಿಯಾದ ಕೆಲಸ ನನಗೆ ಗೊತ್ತಿತ್ತು. ಜೇಬಿನಲ್ಲಿ ಪೆನ್‌ಡ್ರೈವ್ ಇತ್ತು. ಆ ಫೋಲ್ಡರನ್ನು ಮೊದಲು ಅದಕ್ಕೆ ನಕಲು ಮಾಡಿಕೊಳ್ಳಬೇಕಿತ್ತು. ಆಮೇಲೆ ಈ ಕಂಪ್ಯೂಟರಿನಿಂದ ಖಾತೆಯನ್ನು ಬಿಡಿಸಬೇಕಿತ್ತು. ಬಿಡಿಸಿದ ಮೇಲೆ ಇಲ್ಲಿ ಉಳಿದ ಅವರ ಫೈಲುಗಳನ್ನು ಅಳಿಸಿದ್ದರೆ ಅಕ್ಕೋರ ಲ್ಯಾಪ್‌ಟಾಪಿಗೆ ಏನೂ ಆಗುತ್ತಿರಲಿಲ್ಲ. ಹತ್ತು ನಿಮಿಷದ ಕೆಲಸ. ನಾನು ಅದನ್ನು ಮಾಡಲಿಲ್ಲ. ಆ ಫೋಲ್ಡರು ಇನ್ನೊಂದು ನಿಮಿಷವೂ ಆ ಪರದೆಯ ಮೇಲೆ ಇರಬಾರದು ಎನಿಸಿತು. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದೆ. ನಂತರ ಬ್ರೌಸರಿನಲ್ಲಿ ಖಾತೆ ತೆಗೆದು ಅಲ್ಲಿಯ ಕಸದ ಬುಟ್ಟಿಯನ್ನೂ ಬರಿದು ಮಾಡಿದೆ. ಆಕೆಗೋಸ್ಕರ ಎಂದು ಹೇಳಿಕೊಂಡೆ. ಅರ್ಧ ನಿಜ. ಇನ್ನರ್ಧ ಏನೆಂದರೆ, ಒಬ್ಬರ ಗುಟ್ಟು ನನ್ನ ಖಾತೆಯಿಂದ ಇನ್ನೊಬ್ಬರ ಮನೆಗೆ ಹೋಯಿತು ಎಂಬುದಕ್ಕೆ ಗುರುತು ಉಳಿಯಬಾರದಿತ್ತು. ಗಾಬರಿಯಲ್ಲಿ ಮನುಷ್ಯ ಮೊದಲು ಒರೆಸುವುದು ತನ್ನ ಹೆಜ್ಜೆಯನ್ನೇ.

ಚಹಾ ಕುಡಿದು ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಇನ್ನೊಂದು ಹೊಳೆಯಿತು. ಅಕ್ಕೋರ ಲ್ಯಾಪ್‌ಟಾಪು ಮಧ್ಯಾಹ್ನದಿಂದ ಮುಚ್ಚಿಯೇ ಇದ್ದರೆ ಅದರೊಳಗೆ ಆ ಫೋಲ್ಡರು ಇನ್ನೂ ಇರುತ್ತದೆ. ಇಂಟರ್ನೆಟ್ ತಾಗಿದ ಕೂಡಲೇ ನಾನು ಅಳಿಸಿದ ಸುದ್ದಿ ಅಲ್ಲಿಗೂ ಮುಟ್ಟಿ ಅಲ್ಲಿಯದೂ ಹೋಗುತ್ತದೆ. ಈಗಲೇ ಫೋನು ಮಾಡಿ, ‘ಅಕ್ಕೋರ, ನೆಟ್ ಹಚ್ಚಬ್ಯಾಡ್ರಿ, ಹಂಗ ತಗೊಂಡು ಅಂಗಡಿಗಿ ಬರ್ರಿ’ ಎಂದರೆ ಸಾಕಿತ್ತು. ಒಂದೇ ವಾಕ್ಯ. ಫೋನು ತೆಗೆದೆ. ಯಾಕೆ ಎಂದು ಕೇಳಿದರೆ ಏನು ಹೇಳಲಿ? ನಿಮ್ಮದನ್ನು ಓದಿದೆ ಎನ್ನಲೇ? ನಿಮ್ಮ ಮೈದುನನ ಟೇಬಲಿನ ಮೇಲೆ ಓದಿದೆ ಎನ್ನಲೇ? ಬಸ್ಸು ಬಂತು. ಫೋನನ್ನು ಜೇಬಿಗೆ ಹಾಕಿದೆ. ನಾಳೆ ಮಾಡಿದರಾಯಿತು ಎಂದುಕೊಂಡೆ. ಮರುದಿನ ಮಾಡಲಿಲ್ಲ, ಅದರ ಮರುದಿನವೂ ಇಲ್ಲ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಅಕ್ಕೋರು ನೇರ ನನ್ನ ಅಂಗಡಿಗೆ ಬಂದರು. ಲ್ಯಾಪ್‌ಟಾಪನ್ನು ಟೇಬಲಿನ ಮೇಲೆ ಇಟ್ಟರು. ಕುಳಿತುಕೊಳ್ಳಿರೆಂದರೂ ಕುಳಿತುಕೊಳ್ಳಲಿಲ್ಲ.

‘ಅಣ್ಣಾರ, ಒಂದು ಫೋಲ್ಡರ್ ಹೋಗೇತಿ. ಒಂಬತ್ತನೇ ತರಗತಿ ಪ್ರಯೋಗ ಅಂತ. ಹುಡುಕಿ ಕೊಡ್ರಿ.’

ಲ್ಯಾಪ್‌ಟಾಪಿನ ರಿಸೈಕಲ್ ಬಿನ್ ನೋಡಿದೆ. ಖಾಲಿ. ಮನೆಗೆ ಹೋಗುವ ಮೊದಲು ದಿನಾ ಅದನ್ನು ಖಾಲಿ ಮಾಡುವುದು ರೂಢಿ ಎಂದರು. ಮನೆಯಲ್ಲಿ ಯಾರಾದರೂ ತೆಗೆದು ನೋಡುತ್ತಾರೆ ಎಂಬ ಭಯ. ಅದೇ ಭಯಕ್ಕೆ ಫೋಟೋಗಳನ್ನು ಫೋನಿನಲ್ಲೂ ಉಳಿಸಿರಲಿಲ್ಲ. ಗಂಡ ಫೋನು ನೋಡುತ್ತಾನೆ, ಲ್ಯಾಪ್‌ಟಾಪಿನ ಶಾಲೆಯ ಫೋಲ್ಡರುಗಳನ್ನು ನೋಡುವುದಿಲ್ಲ. ಇದ್ದದ್ದು ಅದೊಂದೇ ಜಾಗ. ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಹಾಕಿದೆ. ತಾಸುಗಟ್ಟಲೆ ಓಡಿ ಅದು ಹೆಸರುಗಳನ್ನು ಹೊರಗೆ ತಂದಿತು. ಹೆಸರು ಮಾತ್ರ. ತೆರೆದರೆ ಒಳಗೆ ಏನೂ ಇಲ್ಲ. ಈಗಿನ ಡಿಸ್ಕುಗಳು ಅಳಿಸಿದ ಜಾಗವನ್ನು ತಾವಾಗಿಯೇ ಒರೆಸಿಕೊಂಡುಬಿಡುತ್ತವೆ. ಅಷ್ಟು ಹೊತ್ತೂ ಅವರು ನಿಂತೇ ಇದ್ದರು. ನಾನು ಸುಮ್ಮನೆ ಮೌಸ್ ಆಡಿಸುತ್ತಾ ಕೆಲಸ ನಡೆದಿರುವಂತೆ ನಟಿಸಿದೆ. ಕೊನೆಗೆ ನಟಿಸಲು ಏನೂ ಉಳಿಯಲಿಲ್ಲ.

ಹೇಳಿದೆ. ಎಲ್ಲವನ್ನೂ ಹೇಳಿದೆ. ಒಂದೇ ಖಾತೆ ಹಾಕಿದ್ದು, ಒತ್ತಿರಿ ಎಂದದ್ದು, ಸವದತ್ತಿಗೆ ಹೋದದ್ದು, ಅಳಿಸಿದ್ದು, ಬುಟ್ಟಿ ಬರಿದು ಮಾಡಿದ್ದು. ‘ಅವರು ನೋಡಬಾರದಂತ ನಿಮ್ಮ ಸಲುವಾಗಿ ಅಳಿಸೇನ್ರಿ ಅಕ್ಕೋರ’ ಎಂದೆ. ನನ್ನ ಧ್ವನಿ ನನಗೇ ಅಸಹ್ಯವಾಯಿತು.

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

‘ಅವರು ನೋಡ್ಯಾರ’ ಎಂದರು. ‘ನಿಮಗ ಫೋನ್ ಮಾಡೂಕಿಂತ ಮೊದಲ ನೋಡ್ಯಾರ. ಪೂರಾ ಓದಿ, ಪೆನ್‌ಡ್ರೈವ್‌ನ್ಯಾಗ ಹಾಕ್ಕೊಂಡು, ಆಮ್ಯಾಲೆ ನಿಮ್ಮನ್ನ ಕರೆಸ್ಯಾರ. ಅವತ್ತ ಸಂಜಿಕ ನಮ್ಮ ಮನಿಯೊಳಗ ಎಲ್ಲಾರನ್ನೂ ಕೂಡಿಸಿ ನಾ ಬರೆದಿದ್ದು ನನ್ನ ಮುಂದ ಓದಿದ್ರು. ನಮ್ಮವರು ಓದಿದ್ರು. ಮಗಳ ಮುಂದ.’

ನಾನು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದೆ.

‘ಈಗ ನಾ ಬರೆದಿದ್ದು ಅವರ ಹಂತೇಲಿ ಐತಿ, ನನ್ನ ಹಂತೇಲಿ ಇಲ್ಲ. ಕೋರ್ಟಿನ್ಯಾಗ ಎಲ್ಲೈತಿ ತೋರಸು ಅಂದ್ರ ನಾ ಏನ್ ತೋರಸ್ಲಿ?’

ಅವರು ಬೈಲಹೊಂಗಲದ ಒಬ್ಬ ವಕೀಲರನ್ನು ಮೂರು ತಿಂಗಳ ಹಿಂದೆಯೇ ಕಂಡಿದ್ದರು. ಹಾಗೆ ದಿನ ವೇಳೆ ಹಚ್ಚಿ ಬರೆದಿಡಲು ಹೇಳಿದವರು ಆ ವಕೀಲರೇ. ಮುಂದಿನ ವಾರ ಅರ್ಜಿ ಹಾಕಿ, ಮಗಳನ್ನು ಕರೆದುಕೊಂಡು ಬೇರೆ ಮನೆ ಮಾಡುವುದಿತ್ತು. ಇಲ್ಲಿಗೆ ಬರುವ ಮೊದಲು ವಕೀಲರ ಹತ್ತಿರ ಹೋಗಿ ಬಂದಿದ್ದರು. ನೆನಪಿನಿಂದ ಮತ್ತೆ ಬರೆಯಬಹುದು, ಆದರೆ ಗಂಡನ ಕಡೆಯವರು ಎಲ್ಲಾ ಈಗ ಹೊಸೆದ ಕಥೆ ಎನ್ನುತ್ತಾರೆ, ಅದು ಮೊದಲೇ ಇತ್ತು ಎಂದು ಹೇಳುವವರು ಮನೆಯವರಲ್ಲದೆ ಯಾರಾದರೂ ಇದ್ದಾರೆಯೇ ಎಂದು ವಕೀಲರು ಕೇಳಿದ್ದರಂತೆ.

‘ನೀವು ಓದೀರಿ’ ಎಂದರು ಅಕ್ಕೋರು.

‘ನಾಕ ಸಾಲು ಅಷ್ಟ ಓದಿದ್ದು.’

‘ಫೋಟೋ ನೋಡೀರಿ.’

ನಾನು ಮೌಸನ್ನು ಪಕ್ಕಕ್ಕೆ ಸರಿಸಿದೆ.

‘ನನ್ನ ಸಲುವಾಗಿ ಅಳಿಸೇನಿ ಅಂದ್ರಿ. ಈಗ ನನ್ನ ಸಲುವಾಗಿ ಇಷ್ಟ ಮಾಡ್ರಿ. ಇಂಥಾ ದಿನ ಇಂಥಾದ್ದು ಇತ್ತು, ನಾ ಕಣ್ಣಾರೆ ನೋಡೇನಿ, ನಾನ ಅಳಿಸೇನಿ ಅಂತ ಒಂದು ಕಾಗದದ ಮ್ಯಾಲೆ ಸಹಿ ಮಾಡ್ರಿ.’

ಸಹಿ ಮಾಡಿದರೆ ಏನಾಗುತ್ತದೆ ಎಂಬುದು ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಬಂತು. ಸವದತ್ತಿಯ ಗಿರಾಕಿಗಳು ಹೋಗುತ್ತಾರೆ. ಎಷ್ಟು ಜನರ ಕಂಪ್ಯೂಟರಿಗೆ ನನ್ನ ಖಾತೆ ಹಾಕಿದ್ದೇನೆ ಎಂದು ಕೇಳುತ್ತಾರೆ, ಊರೂರಿಗೆ ಗೊತ್ತಾಗುತ್ತದೆ. ಆ ಮನೆತನದವರು ಸುಮ್ಮನೆ ಕೂರುವವರಲ್ಲ. ನನಗೂ ಹೆಂಡತಿ ಮಕ್ಕಳಿದ್ದಾರೆ. ಇಂಥ ಹೊತ್ತಿಗೆ ಗಂಡಸರಿಗೆ ಹೆಂಡತಿ ಮಕ್ಕಳು ನೆನಪಾಗುವಷ್ಟು ಬೇರೆ ಯಾವಾಗಲೂ ಆಗುವುದಿಲ್ಲ.

‘ನೋಡೂಣು ಅಕ್ಕೋರ’ ಎಂದೆ. ‘ಮನ್ಯಾಗ ಒಂದು ಮಾತ ಕೇಳಿ ಹೇಳತೇನಿ.’

ಅವರು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡರು. ಬಾಗಿಲವರೆಗೆ ಹೋಗಿ ತಿರುಗಿದರು. ತರಗತಿಯಲ್ಲಿ ಪ್ರಶ್ನೆ ಕೇಳುವ ಹಾಗೆ, ಸಿಟ್ಟಿಲ್ಲದೆ ಕೇಳಿದರು.

‘ಆ ಎರಡನೇ ಫೋಟೋದಾಗ ನಂದು ಯಾವ ಕೈ ಇತ್ರಿ?’

‘ಎಡಗೈರೀ’ ಎಂದೆ. ಯೋಚಿಸುವ ಮೊದಲೇ ಬಾಯಿಂದ ಬಂತು. ‘ಮಣಿಕಟ್ಟಿನ ಮ್ಯಾಲೆ. ಬಳಿ ಒಡೆದು ಒಳಗ ಹೋಗಿತ್ತು. ಹಸಿರು ಬಳಿ.’

ಅವರು ತಲೆಯಾಡಿಸಿದರು. ಸರಿಯಾದ ಉತ್ತರ ಹೇಳಿದ ಹುಡುಗನಿಗೆ ಆಡಿಸುವಂತೆ. ಹೊರಗೆ ಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿನ ಕಡೆ ನಡೆದು ಹೋದರು.

ಸೋಮವಾರ ವಕೀಲರ ಕಡೆಯಿಂದ ಟೈಪು ಮಾಡಿದ ಕಾಗದ ಬಂತು. ಒಂದೇ ಪುಟ. ಕೆಳಗೆ ನನ್ನ ಹೆಸರು, ಅದರ ಮೇಲೆ ಸಹಿಗೆ ಖಾಲಿ ಜಾಗ. ಎರಡು ಸಲ ಫೋನು ಬಂತು. ಒಮ್ಮೆ ಬೆಳಗಾವಿಯಲ್ಲಿದ್ದೇನೆ ಎಂದೆ, ಇನ್ನೊಮ್ಮೆ ಎತ್ತಲಿಲ್ಲ. ಆ ವಾರ ನಾನು ಮಾಡಿದ್ದೇನೆಂದರೆ ನನ್ನ ಖಾತೆ ಇದ್ದ ಎಲ್ಲರ ಮನೆಗೂ ಹೋಗಿ ಒಂದೊಂದಾಗಿ ಬಿಡಿಸಿ, ಅವರವರ ಹೆಸರಿನಲ್ಲಿ ಬೇರೆ ಖಾತೆ ಮಾಡಿಕೊಟ್ಟೆ. ಡೆಸ್ಕ್‌ಟಾಪು, ಡಾಕ್ಯುಮೆಂಟ್ಸ್ ಎಲ್ಲಿಗೆ ಹೋಗುತ್ತವೆ, ಯಾರ ಹೆಸರಿಗೆ ಹೋಗುತ್ತವೆ ಎಂದು ಬಿಡಿಸಿ ಹೇಳಿದೆ. ಬಹಳ ಶ್ರದ್ಧೆಯಿಂದ ಮಾಡಿದೆ. ಜನ ಹೊಗಳಿದರು. ಸಾವಕಾರನ ಅಂಗಡಿಗೂ ಹೋದೆ, ಅವನು ಚಹಾ ತರಿಸಿದ, ಕುಡಿದೆ.

ಅರ್ಜಿ ಹಾಕಲಿಲ್ಲವೆಂದು ಆಮೇಲೆ ತಿಳಿಯಿತು. ಎರಡೂ ಕಡೆಯ ಹಿರಿಯರು ಕೂಡಿ ರಾಜಿ ಮಾಡಿಸಿದರಂತೆ. ಅಕ್ಕೋರು ಅದೇ ಮನೆಯಲ್ಲಿದ್ದಾರೆ. ಬ್ಯಾಂಕಿನ ಕಾರ್ಡು ಈಗ ಗಂಡನ ಹತ್ತಿರ ಇರುತ್ತದೆ ಎಂದು ಅದೇ ಶಾಲೆಯ ಇನ್ನೊಬ್ಬ ಮಾಸ್ತರರು ಪ್ರಿಂಟರು ರಿಪೇರಿಗೆ ತಂದಾಗ ಹೇಳಿದರು. ‘ಈಗೀಗ ಭಾಳ ಉದ್ದ ತೋಳಿನ ಕುಪ್ಪಸ ಹಾಕ್ಕೋತಾರ ನೋಡ್ರಿ, ಇಂಥಾ ಬ್ಯಾಸಿಗ್ಯಾಗೂ’ ಎಂದು ಅವರು ನಗುತ್ತಾ ಹೇಳಿದರು. ನಾನು ಪ್ರಿಂಟರಿನ ಮುಚ್ಚಳ ತೆಗೆದು ಒಳಗೆ ನೋಡುತ್ತಾ ಕುಳಿತೆ. ಆ ಕಾಗದ ನನ್ನ ಹತ್ತಿರವೇ ಇದೆ, ಸಹಿಯಿಲ್ಲದೆ.